ಲೋಗೊ ಹೊಸದು, ಬ್ಯಾಂಕು ಅದೇ: ಕಲಬುರಗಿಯ ಸಹಕಾರ ಬ್ಯಾಂಕೊಂದರ ಅಧ್ಯಕ್ಷರು ಸದಸ್ಯರಿಗೆ ಬರೆದ ಪತ್ರ

ಕಲಬುರಗಿಯ ಗಂಜ್ ಮಾರುಕಟ್ಟೆಯ ವ್ಯಾಪಾರಸ್ಥರು ಸೇರಿ ಕಟ್ಟಿದ ಒಂದು ಪಟ್ಟಣ ಸಹಕಾರ ಬ್ಯಾಂಕು ತನ್ನ ಲೋಗೊ ಬದಲಿಸಿತು. ಹಳೆಯ ಲೋಗೊದಲ್ಲಿ ತೊಗರಿ ಗಿಡ, ಚಕ್ರ, ಉದಯಿಸುವ ಸೂರ್ಯ ಇದ್ದವು. ಸುತ್ತಲೂ ದುಂಡಗೆ ಬ್ಯಾಂಕಿನ ಪೂರ್ತಿ ಹೆಸರು. ಕಟ್ಟಡದ ಹಣೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ಮೊಬೈಲ್ ಆ್ಯಪ್ ಬಂದ ಮೇಲೆ ತೊಂದರೆ ಶುರುವಾಯಿತು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಗಿಡವೂ ಕಾಣದು, ಹೆಸರೂ ಓದಲಾಗದು, ಬರೀ ಹಸಿರು ಮಸಿ. ಯಾವುದು ನಮ್ಮ ಬ್ಯಾಂಕಿನ ಆ್ಯಪ್ ಎಂದು ಸದಸ್ಯರು ಶಾಖೆಗೆ ಬಂದು ಕೇಳತೊಡಗಿದಾಗ ಆಡಳಿತ ಮಂಡಳಿ ಹೊಸ ಲೋಗೊ ಮಾಡಿಸಲು ನಿರ್ಣಯಿಸಿತು. ಅದನ್ನು ತಿಳಿಸಲು ಅಧ್ಯಕ್ಷರು ಸದಸ್ಯರಿಗೆ ಬರೆದ ಪತ್ರವೇ ಇಲ್ಲಿನ ವಿಷಯ. ಆ ಪತ್ರದ ಕರಡು ತಿದ್ದುವ ಕೆಲಸದಲ್ಲಿ ನಾನೂ ಇದ್ದೆ. ಬ್ಯಾಂಕಿನ ಗುರುತು ಹತ್ತಬಾರದೆಂದು ಶಾಖೆಗಳ ಊರು, ಮೊತ್ತಗಳನ್ನು ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೆಯೇ ಇದೆ.

ಪತ್ರ ಸಿದ್ಧವಾಗುವ ಮೊದಲೇ ಬೋರ್ಡು ಸಿದ್ಧವಾಗಿತ್ತು. ಬೋರ್ಡು ಮಾಡುವವನು ತನ್ನ ಅನುಕೂಲ ನೋಡಿಕೊಂಡು ಭಾನುವಾರವೇ ಆಳಂದ ಶಾಖೆಗೆ ಹೋಗಿ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದ. ಸೋಮವಾರ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಜನ ನಿಂತಿದ್ದರು. ಮ್ಯಾನೇಜರಿಗೆ ಎದುರಾದ ಮೊದಲ ಪ್ರಶ್ನೆ: "ಬ್ಯಾಂಕ್ ಮಾರ್ಯಾರೇನ್ರಿ ಸರ್? ನಮ್ ರೊಕ್ಕದ ಗತಿ ಏನ್ರಿ?" ಮಧ್ಯಾಹ್ನದೊಳಗೆ ಹಲವರು ಅವಧಿಗೆ ಮೊದಲೇ ಎಫ್‌ಡಿ ಮುರಿಸಲು ರಸೀದಿ ಹಿಡಿದು ಬಂದರು.

ಮ್ಯಾನೇಜರ್ ಮಾಡಿದ ಒಂದು ಕೆಲಸವನ್ನು ಇಲ್ಲಿ ದಾಖಲಿಸಲೇಬೇಕು. ಅವರು ಯಾರನ್ನೂ ತಡೆಯಲಿಲ್ಲ, "ನಾಳೆ ಬರ್ರಿ" ಅನ್ನಲಿಲ್ಲ. ಅವಧಿಗೆ ಮೊದಲು ಮುರಿದರೆ ಬಡ್ಡಿಯಲ್ಲಿ ಎಷ್ಟು ಕಡಿತ ಆಗುತ್ತದೆ ಎಂದು ಚೀಟಿಯಲ್ಲಿ ಬರೆದು ತೋರಿಸಿ, ಆಮೇಲೂ ಬೇಕೆಂದವರಿಗೆ ಆಗಲೇ ಹಣ ಕೊಟ್ಟರು. ಕಲಬುರಗಿಯಿಂದ ಹೆಚ್ಚುವರಿ ನಗದು ತರಿಸಿಟ್ಟುಕೊಂಡರು. ಹಣ ಸಿಗುತ್ತಿದೆ ಎಂಬ ಸುದ್ದಿ ಹಬ್ಬುತ್ತಿದ್ದಂತೆ ಸಾಲು ಕರಗಿತು. ಕೌಂಟರಿನಲ್ಲಿ ಒಬ್ಬರಿಗೆ "ನಾಳೆ" ಎಂದಿದ್ದರೂ ಸಂಜೆಯೊಳಗೆ ಸುದ್ದಿ ಜೇವರ್ಗಿ, ಸೇಡಂ ಮುಟ್ಟುತ್ತಿತ್ತು.

ಜನ ಸುಮ್ಮನೆ ಹೆದರಿದರೆಂದು ಅಧ್ಯಕ್ಷರಿಗೆ ಮೊದಲು ಬೇಸರವಾಗಿತ್ತು. ಆದರೆ ಈ ಭಾಗದ ಜನರ ಅನುಭವ ನೋಡಿದರೆ ಆ ಹೆದರಿಕೆಗೆ ಗಟ್ಟಿ ಕಾರಣವಿದೆ. ಇಲ್ಲಿ ಬ್ಯಾಂಕಿನ ಬೋರ್ಡು ಬದಲಾದಾಗಲೆಲ್ಲ ಬ್ಯಾಂಕೇ ಬದಲಾಗಿದೆ. ನಿಜಾಮರ ಕಾಲದಲ್ಲಿ, 1941ರಲ್ಲಿ, ಹೈದರಾಬಾದ್ ಸ್ಟೇಟ್ ಬ್ಯಾಂಕ್ ಆಗಿ ಹುಟ್ಟಿ ಈ ಕಡೆಯ ಮನೆಮನೆಗೂ ಗೊತ್ತಿದ್ದ ಎಸ್‌ಬಿಎಚ್ 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ವಿಲೀನವಾಯಿತು. ಬೋರ್ಡಿನ ಜೊತೆಗೆ SBHY ಎಂದು ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಕೋಡುಗಳು ಹೋಗಿ SBIN ಬಂದವು, ಚೆಕ್‌ಬುಕ್ ಬದಲಾಯಿತು. ಕಲಬುರಗಿಯಲ್ಲೇ ಮುಖ್ಯ ಕಚೇರಿ ಇದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಇದರ ಮೇಲೆ ಸಹಕಾರ ಬ್ಯಾಂಕುಗಳ ಕಥೆಗಳು ಬೇರೆ. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಮೊದಲು ತೆಗೆಯಲು ಬಿಟ್ಟದ್ದು ₹1,000 ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ನಿರ್ಬಂಧ ಬಂದಾಗ ₹35,000. ಟಿವಿಯಲ್ಲಿ ಆ ಸಾಲುಗಳನ್ನು ನೋಡಿದವರೇ ಆಳಂದದಲ್ಲಿ ಬಾಗಿಲ ಮುಂದೆ ನಿಂತಿದ್ದರು.

ಹಾಗಾಗಿ ಇಂಥ ಪತ್ರದ ಮೊದಲ ಸಾಲು ಲೋಗೊ ಬಗ್ಗೆ ಇರಬಾರದು. ಅಧ್ಯಕ್ಷರ ಕರಡಿನಲ್ಲಿ ಮೊದಲ ಪುಟವೆಲ್ಲ ಲೋಗೊದ ವರ್ಣನೆಯೇ ಇತ್ತು. ಹಸಿರು ಅಂದರೆ ಸಮೃದ್ಧಿ, ಮೂರು ಎಲೆ ಅಂದರೆ ವಿಶ್ವಾಸ, ಸೇವೆ, ಪ್ರಗತಿ, ಹೀಗೆ. ಬ್ಯಾಂಕು ಯಾರದು ಎಂಬ ಪ್ರಶ್ನೆಗೆ ಉತ್ತರ ಎರಡನೇ ಪುಟದ ಕೊನೆಯಲ್ಲಿತ್ತು. ಅದೂ "ನಿಮ್ಮ ಹಣ ಸಂಪೂರ್ಣ ಸುರಕ್ಷಿತ. ಸೇವೆ, ಬಡ್ಡಿ, ಶುಲ್ಕ ಯಾವುದೂ ಬದಲಾಗಿಲ್ಲ, ಬದಲಾಗುವುದೂ ಇಲ್ಲ" ಎಂಬ ಒಂದು ಸಾಲಿನಲ್ಲಿ. ಓದಲು ಹಿತವಾದ ಸಾಲು. ನಮ್ಮ ಹೆಚ್ಚಿನ ಕೆಲಸ ನಡೆದದ್ದು ಈ ಸಾಲಿನ ಮೇಲೆಯೇ. ಅದರಲ್ಲಿ ಬೇರೆ ಬೇರೆ ಜಾತಿಯ ಮಾತುಗಳು ಒಂದೇ ಚೀಲದಲ್ಲಿ ಬಿದ್ದಿದ್ದವು.

ಅದಕ್ಕೂ ಮೊದಲು ಹೆಸರಿನ ಪ್ರಶ್ನೆ ಇತ್ಯರ್ಥವಾಗಬೇಕಿತ್ತು. ಬ್ಯಾಂಕಿನ ನೋಂದಾಯಿತ ಹೆಸರಿನಲ್ಲಿ ಇನ್ನೂ "ಗುಲಬರ್ಗಾ" ಎಂದೇ ಇದೆ. ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ ಆಯಿತು. ಬ್ಯಾಂಕಿನ ಬೈಲಾ ಮತ್ತು ಲೈಸೆನ್ಸಿನಲ್ಲಿ ಹೆಸರು ಹಾಗೆಯೇ ಉಳಿದಿತ್ತು. ಲೋಗೊ ಮಾಡಿದ ಹುಡುಗ ಪ್ರೀತಿಯಿಂದಲೇ "ಕಲಬುರಗಿ" ಎಂದು ಬರೆದಿದ್ದ. ಉದ್ದವಾಯಿತೆಂದು "ಸಹಕಾರ", "ನಿಯಮಿತ" ಎರಡನ್ನೂ ಬಿಟ್ಟಿದ್ದ. ನಿರ್ದೇಶಕರಿಗೆಲ್ಲ ಅದು ಹಿಡಿಸಿತ್ತು. ಅಧ್ಯಕ್ಷರನ್ನಂತೂ ಊರಿನ ನಿಜ ಹೆಸರು ಬ್ಯಾಂಕಿನ ಮೇಲೆ ಬರಬೇಕೆಂಬ ಆಸೆ ಬಹಳ ದಿನದಿಂದ ಕಾಡುತ್ತಿತ್ತು. ಆದರೆ ಹಾಗೆ ಮಾಡಿದರೆ ಅದು ಲೋಗೊ ಬದಲಾವಣೆಯಾಗಿ ಉಳಿಯುವುದಿಲ್ಲ, ಹೆಸರಿನ ಬದಲಾವಣೆ ಆಗುತ್ತದೆ. ಹೆಸರು ಬದಲಿಸಲು ರಿಸರ್ವ್ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು, ಮಹಾಸಭೆಯಲ್ಲಿ ಬೈಲಾ ತಿದ್ದುಪಡಿ ಆಗಬೇಕು, ಸಹಕಾರ ಇಲಾಖೆ ಅದನ್ನು ನೋಂದಾಯಿಸಬೇಕು. ಲೋಗೊಗೆ ಇದ್ಯಾವುದೂ ಬೇಕಿರಲಿಲ್ಲ. ಈ ಬ್ಯಾಂಕಿನ ಬೈಲಾದಲ್ಲಿ ಲೋಗೊದ ವರ್ಣನೆ ಇಲ್ಲದ್ದರಿಂದ ಆಡಳಿತ ಮಂಡಳಿಯ ನಿರ್ಣಯವೇ ಸಾಕಾಯಿತು.

ಆದ್ದರಿಂದ ಹೊಸ ಚಿತ್ರದ ಕೆಳಗೆ ಹಳೆಯ ನೋಂದಾಯಿತ ಹೆಸರೇ, ಒಂದಕ್ಷರ ಬಿಡದೆ ಬಂತು. ಆ್ಯಪಿನ ಸಣ್ಣ ಚೌಕದಲ್ಲಿ ಬರೀ ಚಿತ್ರ. ಎಫ್‌ಡಿ ರಸೀದಿ, ಪಾಸ್‌ಬುಕ್, ಪತ್ರದ ತಲೆಬರಹ, ಬೋರ್ಡು, ಎಲ್ಲ ಕಡೆ ಪೂರ್ಣ ಹೆಸರು. "ಸಹಕಾರ" ಎಂಬುದನ್ನು ಬೋರ್ಡಿನಿಂದ ಕೈಬಿಟ್ಟಿದ್ದರೆ ಆಳಂದದ ಆ ಪ್ರಶ್ನೆಗೆ ನಾವೇ ಹೌದೆಂದು ಉತ್ತರಿಸಿದಂತೆ ಆಗುತ್ತಿತ್ತು. ಊರಿನ ಹೆಸರಿನ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ಪ್ರತ್ಯೇಕವಾಗಿ ಇಡೋಣ ಎಂದಾಯಿತು.

ಈಗ ಆ ಸಾಲಿಗೆ ಬರೋಣ. "ನಿಮ್ಮ ಹಣ ಸಂಪೂರ್ಣ ಸುರಕ್ಷಿತ" ಎಂದು ಯಾವ ಬ್ಯಾಂಕಿನ ಅಧ್ಯಕ್ಷರೂ ಬರೆಯಬಾರದು. ಕಾನೂನು ಕೊಟ್ಟಿರುವ ರಕ್ಷಣೆಗೆ ಒಂದು ಮಿತಿ ಇದೆ. ಠೇವಣಿ ವಿಮಾ ನಿಗಮ, ಅಂದರೆ ಡಿಐಸಿಜಿಸಿ, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಅಸಲು ಬಡ್ಡಿ ಸೇರಿ ₹5 ಲಕ್ಷದವರೆಗೆ ವಿಮೆ ಕೊಡುತ್ತದೆ. 2020ರ ಫೆಬ್ರವರಿ 4ಕ್ಕೆ ಮೊದಲು ಇದು ₹1 ಲಕ್ಷ ಇತ್ತು. ಜನ ತಪ್ಪು ತಿಳಿಯುವುದು "ಒಂದು ಬ್ಯಾಂಕಿನಲ್ಲಿ" ಎಂಬ ಕಡೆ. ಒಬ್ಬ ಅಡತಿ ವ್ಯಾಪಾರಿ ತಮ್ಮ ಹೆಸರಿನಲ್ಲಿ ಕಲಬುರಗಿ ಶಾಖೆಯಲ್ಲಿ ₹4 ಲಕ್ಷದ ಎಫ್‌ಡಿ, ಸೇಡಂ ಶಾಖೆಯಲ್ಲಿ ₹2.5 ಲಕ್ಷದ ಎಫ್‌ಡಿ ಇಟ್ಟಿದ್ದರು. ಎರಡು ಶಾಖೆ, ಎರಡು ರಸೀದಿ, ಹಾಗಾಗಿ ಎರಡಕ್ಕೂ ಬೇರೆ ಬೇರೆ ವಿಮೆ ಎಂದುಕೊಂಡಿದ್ದರು. ಲೆಕ್ಕ ಹಾಗಲ್ಲ. ಎಲ್ಲ ಶಾಖೆಗಳ ಠೇವಣಿಯನ್ನು ಕೂಡಿಸಿ ₹6.5 ಲಕ್ಷ ಹಿಡಿಯುತ್ತಾರೆ, ವಿಮೆ ₹5 ಲಕ್ಷಕ್ಕೆ ನಿಲ್ಲುತ್ತದೆ. ಇನ್ನು ಸದಸ್ಯರ ಶೇರು ಹಣಕ್ಕೆ ಈ ವಿಮೆ ಇಲ್ಲವೇ ಇಲ್ಲ. ಶೇರು ಠೇವಣಿಯಲ್ಲ, ಅದು ಬ್ಯಾಂಕಿನ ಬಂಡವಾಳ, ಅದನ್ನು ಕೊಟ್ಟವರು ಮಾಲೀಕರು. ಸದಸ್ಯರಿಗೇ ಬರೆಯುವ ಪತ್ರದಲ್ಲಿ ಈ ಮಾತನ್ನು ಮರೆಸುವುದು ಸರಿಯಲ್ಲ ಎಂದು ನಾನು ಪಟ್ಟು ಹಿಡಿದೆ.

"ಬಡ್ಡಿ ಬದಲಾಗುವುದಿಲ್ಲ" ಎಂಬುದು ಇನ್ನೊಂದು ಜಾತಿಯ ಮಾತು. ಈಗಾಗಲೇ ಇಟ್ಟ ಎಫ್‌ಡಿಯ ದರ ರಸೀದಿಯಲ್ಲಿ ಅಚ್ಚಾಗಿರುತ್ತದೆ, ಅದು ಅವಧಿ ಮುಗಿಯುವವರೆಗೆ ಬ್ಯಾಂಕಿಗೂ ಸದಸ್ಯರಿಗೂ ಇರುವ ಕರಾರು. ಲೋಗೊ ಬದಲಾದರೂ ಅಧ್ಯಕ್ಷರು ಬದಲಾದರೂ ಅದು ನಿಲ್ಲುತ್ತದೆ. ಆದರೆ ನಾಳೆ ಇಡುವ ಎಫ್‌ಡಿಯ ದರವನ್ನು ಆಡಳಿತ ಮಂಡಳಿ ಕಾಲಕಾಲಕ್ಕೆ ಗೊತ್ತುಮಾಡುತ್ತದೆ. ಏರಿಳಿಯುವ ದರದ ಸಾಲಗಳ ಬಡ್ಡಿಯೂ ಹಾಗೆಯೇ ಹೆಚ್ಚುಕಡಿಮೆ ಆಗುತ್ತದೆ. "ಬದಲಾಗುವುದೂ ಇಲ್ಲ" ಎಂದು ಅಚ್ಚು ಹಾಕಿಸಿಬಿಟ್ಟರೆ ಮುಂದಿನ ದರ ಪರಿಷ್ಕರಣೆಯ ದಿನ ಆ ಕಾಗದವನ್ನು ಕೌಂಟರಿಗೆ ತಂದು ತೋರಿಸುವವರು ಇರುತ್ತಾರೆ. ತೋರಿಸುವ ಹಕ್ಕು ಅವರಿಗಿದೆ.

ಮೂರನೆಯದು ಬ್ಯಾಂಕು ತಾನಾಗಿ ಕೊಟ್ಟ ಮಾತುಗಳು. ಇದರಲ್ಲೊಂದು ಸಾಲ ತೀರಿದ ಮೇಲೆ ಆಸ್ತಿ ಕಾಗದಪತ್ರ ಮರಳಿಸುವ ವಿಷಯ. ಕರಡಿನಲ್ಲಿ "ಸಾಲ ತೀರಿದ 30 ದಿನಗಳೊಳಗೆ ಮೂಲ ದಾಖಲೆ ಮರಳಿಸುವ ನಮ್ಮ ಭರವಸೆ ಮುಂದುವರಿಯುತ್ತದೆ" ಎಂದಿತ್ತು. ಆ 30 ದಿನ ಬ್ಯಾಂಕಿನ ಭರವಸೆ ಅಲ್ಲ. ಅದು ರಿಸರ್ವ್ ಬ್ಯಾಂಕಿನ ನಿಯಮ, 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ಸಾಲಗಾರರಿಗೆ ದಿನಕ್ಕೆ ₹5,000 ಪರಿಹಾರ ಕೊಡಬೇಕು. ಕಾನೂನಿನ ಕಡ್ಡಾಯವನ್ನು ಬ್ಯಾಂಕಿನ ದೊಡ್ಡತನ ಎಂಬಂತೆ ಬರೆದರೆ, ಗೊತ್ತಿರುವ ಒಬ್ಬ ವಕೀಲರು ಅದನ್ನು ಓದಿದ ದಿನ ಉಳಿದ ಸಾಲುಗಳ ಬೆಲೆಯೂ ಹೋಗುತ್ತದೆ.

"ನಾವು ವಾರದಾಗೇ ಕೊಡ್ತೀವಲ್ರಿ" ಎಂದರು ಅಧ್ಯಕ್ಷರು. ಹಾಗಾದರೆ ಅದನ್ನೇ ಬರೆಯೋಣ, ಆದರೆ ಮೊದಲು ರಿಜಿಸ್ಟರ್ ನೋಡೋಣ ಎಂದಾಯಿತು. ಮುಕ್ತಾಯವಾದ ಸಾಲಗಳ ರಿಜಿಸ್ಟರಿನಲ್ಲಿ ಸಾಲ ತೀರಿದ ದಿನ, ಕಾಗದ ಕೊಟ್ಟು ಸಹಿ ಪಡೆದ ದಿನ ಎರಡೂ ಇರುತ್ತವೆ. ಕಲಬುರಗಿಯ ಮುಖ್ಯ ಶಾಖೆಯಲ್ಲಿ ಅಧ್ಯಕ್ಷರ ಮಾತು ನಿಜವಾಗಿತ್ತು. ಸೇಡಂ, ಜೇವರ್ಗಿಯಲ್ಲಿ ಎರಡು ವಾರದ ಹತ್ತಿರ ಹೋಗುತ್ತಿತ್ತು. ಆ ಶಾಖೆಗಳ ದಾಖಲೆಗಳೂ ಮುಖ್ಯ ಕಚೇರಿಯ ತಿಜೋರಿಯಲ್ಲೇ ಇರುತ್ತವೆ, ಅಲ್ಲಿಂದ ಹೋಗಬೇಕು, ಜೊತೆಗೆ ಉಪನೋಂದಣಿ ಕಚೇರಿಯಲ್ಲಿ ಅಡಮಾನ ಬಿಡುಗಡೆ ಪತ್ರದ ಕೆಲಸವೂ ಇರುತ್ತದೆ. ಆದ್ದರಿಂದ ಪತ್ರದಲ್ಲಿ ಮುಖ್ಯ ಶಾಖೆಗೆ 7 ದಿನ, ಉಳಿದ ಶಾಖೆಗಳಿಗೆ 15 ದಿನ ಎಂದು ಬಂತು. ಅಧ್ಯಕ್ಷರಿಗೆ ಇದು ಸಣ್ಣತನ ಅನ್ನಿಸಿತು. ನನ್ನ ಪ್ರಕಾರ ಆ ಪತ್ರದ ಅತಿ ಗಟ್ಟಿ ಸಾಲು ಅದೇ, ಯಾಕೆಂದರೆ ಸೇಡಂನ ಸದಸ್ಯರು ತಮ್ಮ ಅನುಭವದ ಜೊತೆ ಅದನ್ನು ತಾಳೆ ನೋಡಬಲ್ಲರು.

ಇನ್ನೂ ಒಂದು ಉಳಿದಿತ್ತು, ಎಲ್ಲಕ್ಕಿಂತ ಕಷ್ಟದ್ದು. ಲಾಕರ್ ಬಾಡಿಗೆಯನ್ನು ಏಪ್ರಿಲ್ 1ರಿಂದ ಏರಿಸಲು ಆಡಳಿತ ಮಂಡಳಿ ಹಿಂದಿನ ಸಭೆಯಲ್ಲೇ ನಿರ್ಣಯಿಸಿತ್ತು. ಸದಸ್ಯರಿಗೆ ನೋಟಿಸು ಹೋಗಬೇಕಿದ್ದದ್ದು ಮಾರ್ಚಿನಲ್ಲಿ. ಲೋಗೊದ ಪತ್ರ ಹೋಗುವುದು ಜನವರಿ ಕೊನೆಗೆ. ನಿರ್ದೇಶಕರಲ್ಲಿ ಹೆಚ್ಚಿನವರು ಎರಡನ್ನೂ ಬೇರೆ ಇಡೋಣ ಎಂದರು. ಸಂತೋಷದ ಪತ್ರದಲ್ಲಿ ಬಾಡಿಗೆ ಏರಿಕೆ ಯಾಕೆ ಎಂಬುದು ಅವರ ವಾದ. ಆದರೆ ಜನವರಿಯಲ್ಲಿ "ಶುಲ್ಕ ಬದಲಾಗಿಲ್ಲ" ಎಂದು ಬರೆದು ಮಾರ್ಚಿನಲ್ಲಿ ಏರಿಕೆಯ ನೋಟಿಸು ಕಳಿಸಿದರೆ, ಲೋಗೊ ಖರ್ಚನ್ನು ಲಾಕರಿನಿಂದ ವಸೂಲು ಮಾಡುತ್ತಿದ್ದಾರೆ ಎಂದೇ ಸದಸ್ಯರು ಓದುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನಿರ್ಣಯ ಆಗಿಬಿಟ್ಟಿದ್ದರಿಂದ ಜನವರಿಯ ಆ ಸಾಲು ಬರೆಯುವ ದಿನವೇ ಸುಳ್ಳಾಗಿತ್ತು. ಚರ್ಚೆ ಬಹಳ ಹೊತ್ತು ನಡೆಯಿತು. ಕೊನೆಗೆ ಅಧ್ಯಕ್ಷರೇ, "ಮಂದಿ ನಾಳೆ ನನ್ನ ಅಂಗಡಿಗೇ ಬಂದು ಕೇಳ್ತಾರ. ಈಗೇ ಹೇಳಿಬಿಡ್ರಿ" ಎಂದರು. ಖರ್ಚಿನ ಮೊತ್ತವನ್ನೂ ಬರೆಯುವುದೆಂದು ಅದೇ ಸಭೆಯಲ್ಲಿ ತೀರ್ಮಾನವಾಯಿತು.

ಆ ವರ್ಷವೇ ಆಡಳಿತ ಮಂಡಳಿಯ ಐದು ವರ್ಷದ ಅವಧಿ ಮುಗಿದು ಚುನಾವಣೆ ಬರುವುದಿತ್ತು. ಅದಕ್ಕಾಗಿ ಕರಡಿನಲ್ಲಿದ್ದ ನಿರ್ದೇಶಕರ ಫೋಟೊಗಳ ಸಾಲನ್ನು ತೆಗೆದುಹಾಕಿದರು. ಬ್ಯಾಂಕಿನ ಹಣದಲ್ಲಿ ಪ್ರಚಾರ ಎಂಬ ಆಕ್ಷೇಪಕ್ಕೆ ಜಾಗ ಇರಬಾರದಲ್ಲ. ಕೆಳಗೆ ಅಧ್ಯಕ್ಷರ ಸಹಿ ಮಾತ್ರ ಉಳಿಯಿತು.

ಕೊನೆಗೆ ಒಂದು ಹಾಳೆಯ ಎರಡು ಬದಿಗೆ ಹೊಂದುವಷ್ಟು ಪತ್ರ ಹೀಗೆ ಬಂತು:

"ಮಾನ್ಯ ಸದಸ್ಯರೆ, ಶರಣು.

ನಮ್ಮ ಬ್ಯಾಂಕನ್ನು ಯಾರಿಗೂ ಮಾರಿಲ್ಲ. ಬೇರೆ ಯಾವ ಬ್ಯಾಂಕಿನ ಜೊತೆಗೂ ವಿಲೀನ ಮಾಡಿಲ್ಲ. ಬ್ಯಾಂಕಿನ ಹೆಸರು, ನೋಂದಣಿ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಅವೇ ಇವೆ. ಒಬ್ಬ ಸದಸ್ಯರಿಗೆ ಒಂದು ಮತ ಎಂಬ ನಿಮ್ಮ ಹಕ್ಕು ಹಾಗೆಯೇ ಇದೆ.

ಫೆಬ್ರವರಿ 1ರಿಂದ ಬ್ಯಾಂಕಿಗೆ ಹೊಸ ಲೋಗೊ ಬರುತ್ತದೆ. ಅದರ ಚಿತ್ರ ಈ ಹಾಳೆಯ ಮೇಲ್ಭಾಗದಲ್ಲಿದೆ. ಹಳೆಯದು ಮೊಬೈಲಿನಲ್ಲಿ ಗುರುತು ಹತ್ತುತ್ತಿರಲಿಲ್ಲ ಎಂಬುದೇ ಬದಲಿಸಲು ಕಾರಣ. ಹಳೆಯ ಲೋಗೊದ ತೊಗರಿ ಎಲೆಯನ್ನು ಹೊಸದರಲ್ಲೂ ಉಳಿಸಿಕೊಂಡಿದ್ದೇವೆ. ಲೋಗೊ, ಬೋರ್ಡುಗಳಿಗೆ ಆಡಳಿತ ಮಂಡಳಿ ₹4,80,000 ಮಂಜೂರು ಮಾಡಿದೆ. ಲೆಕ್ಕವನ್ನು ಮಹಾಸಭೆಯ ಮುಂದೆ ಇಡುತ್ತೇವೆ.

ಇದಕ್ಕಾಗಿ ನೀವು ಏನೂ ಮಾಡಬೇಕಾಗಿಲ್ಲ, ಶಾಖೆಗೂ ಬರಬೇಕಾಗಿಲ್ಲ. ನಿಮ್ಮ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್, ಎಟಿಎಂ ಕಾರ್ಡು, ಪಿನ್ ಅವೇ. ಹಳೆಯ ಲೋಗೊ ಇರುವ ಪಾಸ್‌ಬುಕ್, ಎಫ್‌ಡಿ ರಸೀದಿ, ಶೇರು ಪ್ರಮಾಣಪತ್ರ ನಡೆಯುತ್ತವೆ. ಹಳೆಯ ಚೆಕ್‌ಬುಕ್ಕಿನ ಹಾಳೆ ಮುಗಿಯುವವರೆಗೆ ಬಳಸಿರಿ. ನೀವು ಈಗಾಗಲೇ ಇಟ್ಟಿರುವ ಎಫ್‌ಡಿಗೆ ರಸೀದಿಯಲ್ಲಿ ಬರೆದ ಬಡ್ಡಿಯೇ ಅವಧಿ ಮುಗಿಯುವವರೆಗೆ ಸಿಗುತ್ತದೆ. ಹೊಸ ಠೇವಣಿಯ ದರ ಎಂದಿನಂತೆ ಕಾಲಕಾಲಕ್ಕೆ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ.

ನಾವು ಕೊಟ್ಟ ಮಾತುಗಳು ಮುಂದುವರಿಯುತ್ತವೆ. ಸಾಲದ ಅರ್ಜಿಗೆ 15 ದಿನದೊಳಗೆ ಹೌದು ಅಥವಾ ಇಲ್ಲ ಎಂಬ ಲಿಖಿತ ಉತ್ತರ. ಸಾಲ ತೀರಿದ ಮೇಲೆ ಆಸ್ತಿ ಕಾಗದ ಮುಖ್ಯ ಶಾಖೆಯಲ್ಲಿ 7, ಉಳಿದ ಶಾಖೆಗಳಲ್ಲಿ 15 ದಿನದೊಳಗೆ ನಿಮ್ಮ ಕೈಗೆ. ಹಿರಿಯ ನಾಗರಿಕರಿಗೆ ಎಲ್ಲ ಶಾಖೆಗಳಲ್ಲಿ ಬೇರೆ ಕೌಂಟರ್. ಇವು ತಪ್ಪಿದರೆ ಕೆಳಗಿನ ನಂಬರಿಗೆ ನೇರ ಹೇಳಿರಿ. 30 ದಿನದಲ್ಲಿ ನಮ್ಮಿಂದ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಬರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡುವ ಹಕ್ಕು ನಿಮಗಿದೆ.

ನಿಮ್ಮ ಠೇವಣಿಗೆ ಡಿಐಸಿಜಿಸಿ ವಿಮೆ ಹಿಂದಿನಂತೆ ಇದೆ. ನಮ್ಮ ಎಲ್ಲ ಶಾಖೆಗಳಲ್ಲಿ ನಿಮ್ಮ ಹೆಸರಿನಲ್ಲಿರುವ ಠೇವಣಿ ಕೂಡಿಸಿ ₹5 ಲಕ್ಷದವರೆಗೆ ಅದು ಅನ್ವಯಿಸುತ್ತದೆ. ಶೇರು ಹಣಕ್ಕೆ ಈ ವಿಮೆ ಇಲ್ಲ.

ಒಂದು ಬದಲಾವಣೆ ಇದೆ. ಲಾಕರ್ ಬಾಡಿಗೆ ಏಪ್ರಿಲ್ 1ರಿಂದ ಏರುತ್ತದೆ. ಹೊಸ ದರ ಈ ಹಾಳೆಯ ಹಿಂಬದಿಯಲ್ಲಿದೆ. ಇದು ಲೋಗೊಗೆ ಮೊದಲೇ ಆದ ನಿರ್ಣಯ, ಎರಡಕ್ಕೂ ಸಂಬಂಧವಿಲ್ಲ.

ಲೋಗೊ ಬದಲಾಗಿದೆ ಎಂದು ಹೇಳಿ ಬ್ಯಾಂಕಿನಿಂದ ಯಾರೂ ನಿಮಗೆ ಫೋನ್ ಮಾಡುವುದಿಲ್ಲ. ಲಿಂಕ್ ಅಥವಾ ಎಪಿಕೆ ಫೈಲ್ ಕಳಿಸುವುದಿಲ್ಲ. ಒಟಿಪಿ ಕೇಳುವುದಿಲ್ಲ. ಹಾಗೆ ಕೇಳಿದವರು ಕಳ್ಳರು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಆಮೇಲೆ ನಮ್ಮ ಶಾಖೆಗೆ ತಿಳಿಸಿರಿ.

ಇಂತಿ ನಿಮ್ಮ, ಅಧ್ಯಕ್ಷರು"

ಚೆಕ್ಕಿನ ಬಗ್ಗೆ ಪತ್ರದಲ್ಲಿ ಒಂದೇ ಸಾಲಿದೆ, ಆದರೆ ಅದನ್ನು ಬರೆಯುವ ಮೊದಲು ಒಳಗೆ ಒಂದಿಷ್ಟು ವಿಚಾರಿಸಬೇಕಾಯಿತು. ಈಗ ಬಳಕೆಯಲ್ಲಿರುವ ಸಿಟಿಎಸ್-2010 ಚೆಕ್ಕಿನಲ್ಲಿ ಬ್ಯಾಂಕಿನ ಲೋಗೊ ಕಣ್ಣಿಗೆ ಕಾಣುವಂತೆ ಇರುವುದಲ್ಲದೆ, ಅಲ್ಟ್ರಾವಯಲೆಟ್ ಬೆಳಕಿನಲ್ಲಷ್ಟೇ ಕಾಣುವ ಶಾಯಿಯಲ್ಲೂ ಅಚ್ಚಾಗಿರುತ್ತದೆ. ಚೆಕ್ಕು ಅಸಲಿಯೋ ನಕಲಿಯೋ ಎಂದು ದೀಪದ ಕೆಳಗೆ ಹಿಡಿದು ನೋಡುವಾಗ ಕೌಂಟರಿನವರು ಗಮನಿಸುವ ಗುರುತುಗಳಲ್ಲಿ ಅದೂ ಒಂದು. ಹೊಸ ಚೆಕ್‌ಬುಕ್ ಮುದ್ರಿಸುವಾಗ ಮೇಲೆ ಹೊಸ ಲೋಗೊ, ಒಳಗೆ ಹಳೆಯದು ಉಳಿದರೆ ಬೇರೆ ಬ್ಯಾಂಕಿನವರು ಅನುಮಾನಪಡುತ್ತಾರೆ. ಎರಡನ್ನೂ ಒಟ್ಟಿಗೆ ಬದಲಿಸುವಂತೆ ಮುದ್ರಣದವರಿಗೆ ಬರೆದುಕೊಟ್ಟು, ಮೊದಲ ಮಾದರಿ ಹಾಳೆಯನ್ನು ದೀಪದ ಕೆಳಗೆ ನೋಡಿದ ಮೇಲೆಯೇ ಒಪ್ಪಿಗೆ ಕೊಟ್ಟರು. ಸದಸ್ಯರ ಕೈಯಲ್ಲಿದ್ದ ಹಳೆಯ ಹಾಳೆಗಳಲ್ಲಿ ಮೇಲೂ ಒಳಗೂ ಹಳೆಯ ಲೋಗೊ ಇದ್ದು ತಾಳೆಯಾಗುತ್ತಿದ್ದವು. ಅವನ್ನು ಹಿಂದಕ್ಕೆ ಪಡೆಯಲು ಕಾರಣವಿರಲಿಲ್ಲ.

ವಂಚನೆಯ ಸಾಲುಗಳಿಗೆ ಅಷ್ಟು ಜಾಗ ಯಾಕೆ ಎಂದು ಒಬ್ಬ ನಿರ್ದೇಶಕರು ಕೇಳಿದ್ದರು. ಬ್ಯಾಂಕಿನ ವೆಬ್ ವಿಳಾಸ ಆಗಷ್ಟೇ ಬದಲಾಗಿತ್ತು. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ .bank.in ಎಂದು ಕೊನೆಯಾಗುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕು ಹೇಳಿತ್ತು. ವಿಳಾಸ ಬೇರೆ, ಅದರ ಬೆನ್ನಿಗೇ ಲೋಗೊ ಬೇರೆ. ನಕಲಿ ಪುಟ ಮಾಡುವವನಿಗೆ ಇಂಥ ಹೊತ್ತು ಬೇಕು, ಏಕೆಂದರೆ ಪುಟ ಬೇರೆ ಥರ ಕಂಡರೂ ಜನ "ಈಗ ಬದಲಾಗ್ಯಾದಲ್ಲ" ಎಂದು ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಲೋಗೊವನ್ನು ಯಾರು ಬೇಕಾದರೂ ಎತ್ತಿ ಅಂಟಿಸಬಹುದು. .bank.in ವಿಳಾಸವನ್ನು ಬ್ಯಾಂಕಲ್ಲದವರು ಪಡೆಯಲಾಗದು. ಹೊಸ ಆ್ಯಪ್ ಎಂದು ಬೇರೆ ಇರಲಿಲ್ಲ, ಇದ್ದ ಆ್ಯಪೇ ಪ್ಲೇ ಸ್ಟೋರಿನಲ್ಲಿ ಅಪ್‌ಡೇಟ್ ಆದಾಗ ಚಿತ್ರ ಬದಲಾಗುತ್ತಿತ್ತು.

ಪತ್ರ ತಲುಪಿದ ಮೇಲೆ ಜೇವರ್ಗಿ ಕಡೆಯ ಒಬ್ಬ ರೈತ ಸದಸ್ಯರಿಗೆ ಫೋನ್ ಬಂತು. "ಕಾಕಾ, ಬ್ಯಾಂಕಿನ ಲೋಗೊ ಬದಲಾಗ್ಯಾದ, ಹಳೇ ಆ್ಯಪ್ ಬಂದ್ ಆಗ್ತದ, ವಾಟ್ಸಾಪಿಗೆ ಫೈಲ್ ಕಳ್ಸೀನಿ, ಹಾಕ್ಕೋರಿ." ಮಾತು ಅಪ್ಪಟ ನಮ್ಮ ಕಡೆಯದೇ. ಫೈಲಿನ ಮೇಲೆ ಹೊಸ ಲೋಗೊ ಸ್ಪಷ್ಟವಾಗಿ ಇತ್ತು. ಅವರ ಮಗಳು ಪತ್ರ ಓದಿದ್ದಳು. ಫೈಲನ್ನು ತೆರೆಯದೆ ಫೋನನ್ನೇ ಶಾಖೆಗೆ ತಂದು ತೋರಿಸಿದರು. ಅದನ್ನು ಹಾಕಿಕೊಂಡಿದ್ದರೆ ಫೋನಿಗೆ ಬರುವ ಎಸ್‌ಎಂಎಸ್, ಅಂದರೆ ಒಟಿಪಿ ಕೂಡ, ಕಳ್ಳನ ಕೈಗೆ ಹೋಗುತ್ತಿತ್ತು. ಇಂಥದ್ದರಲ್ಲಿ ಹಣ ಹೋದರೆ ತಿಳಿಸುವ ವೇಳೆಯೇ ಮುಖ್ಯ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಎಂದಾದಾಗ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಬೀಳುವುದಿಲ್ಲ. ಆದರೆ ತಾವೇ ಒಟಿಪಿ ಕೊಟ್ಟಿದ್ದರೆ, ತಿಳಿಸುವವರೆಗೆ ಆದ ನಷ್ಟ ಅವರದೇ. ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನದು. ಅದಕ್ಕೇ ಪತ್ರದಲ್ಲಿ "ಕೂಡಲೇ" ಎಂದಿರುವುದು.

ಪತ್ರ ಹಂಚುವ ಕ್ರಮವನ್ನು ಆಳಂದದ ಅನುಭವದ ಮೇಲೆ ತಿರುಗಿಸಿದರು. ಉಳಿದ ಶಾಖೆಗಳಲ್ಲಿ ಬೋರ್ಡು ಕೊನೆಗೆ ಬಂತು. ಮೊದಲು ಸಿಬ್ಬಂದಿಗೆ ಅರ್ಧ ಪುಟದ ಟಿಪ್ಪಣಿ ಹೋಯಿತು. ಕ್ಯಾಷಿಯರ್, ಪಿಗ್ಮಿ ಏಜೆಂಟರು, ಬಾಗಿಲಲ್ಲಿ ನಿಲ್ಲುವ ಗಾರ್ಡು, ಎಲ್ಲರಿಗೂ. ಜನ ಕೇಳುವುದು ಅಧ್ಯಕ್ಷರನ್ನಲ್ಲ, ಇವರನ್ನು. ಅದರಲ್ಲೂ ದಿನಾ ಅಂಗಡಿ ಅಂಗಡಿಗೆ ಹೋಗುವ ಪಿಗ್ಮಿ ಏಜೆಂಟ್ "ನನಗೂ ಗೊತ್ತಿಲ್ರಿ" ಎಂದರೆ ಆ ಬೀದಿಯ ಮಟ್ಟಿಗೆ ಪತ್ರ ಬರೆಯದಿದ್ದಂತೆಯೇ. ಆಮೇಲೆ ಅಂಚೆಯಲ್ಲಿ ಕನ್ನಡ ಪತ್ರ, ಕೇಳಿದವರಿಗೆ ಉರ್ದು ಪ್ರತಿ ಶಾಖೆಯಲ್ಲಿ. ಕಲಬುರಗಿಯಲ್ಲಿ ಉರ್ದು ಓದುವ ಸದಸ್ಯರು ಬಹಳ ಇದ್ದಾರೆ, ಅವರ ಠೇವಣಿಯೂ ಅಷ್ಟೇ ಇದೆ. ವಾರ ಕಳೆದ ಮೇಲೆ ಬೋರ್ಡು. ಈ ಕ್ರಮದಲ್ಲಿ ಹೋದ ಶಾಖೆಗಳಲ್ಲಿ ಎಫ್‌ಡಿ ಮುರಿಸಲು ಯಾರೂ ಸಾಲು ನಿಲ್ಲಲಿಲ್ಲ.

ಲಾಕರ್ ಬಾಡಿಗೆಯ ಬಗ್ಗೆ ಗಲಾಟೆ ಆಗುತ್ತದೆಂದು ಎಲ್ಲರೂ ಕಾದಿದ್ದರು. ಕೆಲವರು ಬಂದು ದರ ಹೆಚ್ಚಾಯಿತೆಂದು ತಕರಾರು ಮಾಡಿದರು, ಇಬ್ಬರು ಲಾಕರ್ ಬಿಟ್ಟರು. ಆದರೆ ಲೋಗೊ ಖರ್ಚಿಗಾಗಿ ಏರಿಸಿದಿರಿ ಎಂದು ಯಾರೂ ಹೇಳಲಿಲ್ಲ. ಹೆಚ್ಚು ಪ್ರಶ್ನೆ ಬಂದದ್ದು ಯಾರೂ ಎಣಿಸದ ಕಡೆಯಿಂದ, ಶೇರು ಹಣಕ್ಕೆ ವಿಮೆ ಇಲ್ಲ ಎಂಬ ಸಾಲಿನಿಂದ. ಎಷ್ಟೋ ವರ್ಷಗಳಿಂದ ಸದಸ್ಯರಾಗಿದ್ದವರಿಗೂ ಅದು ಹೊಸ ಸುದ್ದಿ. ಒಬ್ಬ ನಿವೃತ್ತ ಮಾಸ್ತರರು ಬಂದು, "ಹಂಗಾದ್ರ ಬ್ಯಾಂಕಿಗೆ ಲುಕ್ಸಾನ ಆದ್ರ ನಮ್ ಶೇರ್ ರೊಕ್ಕ ಹೋಗ್ತದೇನ್ರಿ?" ಎಂದು ನೇರ ಕೇಳಿದರು. ಹೋಗಬಹುದು ಎಂದೇ ಮ್ಯಾನೇಜರ್ ಉತ್ತರಿಸಿದರು. ಮಾಸ್ತರರು ಹಾಗಾದರೆ ಈ ಸಲ ಮಹಾಸಭೆಗೆ ಬಂದು ಬ್ಯಾಲೆನ್ಸ್ ಶೀಟ್ ನೋಡುತ್ತೇನೆ, ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ, ಎಷ್ಟಿದೆ ಕೇಳುತ್ತೇನೆ ಎಂದು ಹೇಳಿ ಹೋದರು. ಆಡಳಿತ ಮಂಡಳಿಯ ಕೆಲವರಿಗೆ ಇದು ರುಚಿಸಲಿಲ್ಲ. ನನಗಂತೂ ಪತ್ರದಿಂದಾದ ಒಳ್ಳೆಯ ಕೆಲಸಗಳಲ್ಲಿ ಇದನ್ನೇ ಮೊದಲು ಹೇಳಬೇಕು ಅನ್ನಿಸುತ್ತದೆ.

ಪತ್ರದಲ್ಲಿ ಬರದೆ ಉಳಿದ ಒಂದು ವಿಷಯ ಆಮೇಲೆ ಎದುರಾಯಿತು. ಹಳೆಯ ಲೋಗೊ ಇದ್ದ, ಇನ್ನೂ ಬರೆಯದ ಎಫ್‌ಡಿ ರಸೀದಿ ಹಾಳೆಗಳು ಶಾಖೆಗಳಲ್ಲಿ ಕಟ್ಟುಗಟ್ಟಲೆ ಉಳಿದಿದ್ದವು. ಹಳೆಯ ಲೋಗೊದ ರಸೀದಿ ನಡೆಯುತ್ತದೆ ಎಂದು ಪತ್ರವೇ ಹೇಳಿರುವಾಗ, ಆ ಖಾಲಿ ಹಾಳೆ ಹೊರಗೆ ಹೋದರೆ ಅದರ ಮೇಲೆ ಯಾರಾದರೂ ಸುಳ್ಳು ಠೇವಣಿ ಬರೆದುಕೊಂಡು ಬರಬಹುದು. ಅವು ನಂಬರು ಹಾಕಿದ ಹಾಳೆಗಳು, ಸ್ಟಾಕ್ ರಿಜಿಸ್ಟರಿನಲ್ಲಿ ಲೆಕ್ಕ ಇರುತ್ತದೆ. ಎಲ್ಲ ಶಾಖೆಗಳಿಂದ ಅವನ್ನು ಮುಖ್ಯ ಕಚೇರಿಗೆ ತರಿಸಿ, ನಂಬರು ತಾಳೆ ನೋಡಿ, ರದ್ದು ಎಂದು ಮುದ್ರೆ ಒತ್ತಿ, ಇಬ್ಬರು ಅಧಿಕಾರಿಗಳ ಸಹಿಯೊಡನೆ ನಾಶ ಮಾಡಿದರು. ಹಳೆಯ ಲೋಗೊದ ರಬ್ಬರ್ ಸ್ಟ್ಯಾಂಪುಗಳಿಗೂ ಇದೇ ಕ್ರಮ. ಕೊನೆಯಾಗಿ ಬಳಸಿದ ಹಳೆಯ ರಸೀದಿಯ ನಂಬರನ್ನು ಪ್ರತಿ ಶಾಖೆಯೂ ಬರೆದಿಟ್ಟುಕೊಂಡಿತು. ಅದಕ್ಕಿಂತ ಮುಂದಿನ ನಂಬರಿನ ಹಳೆಯ ರಸೀದಿ ಯಾರಾದರೂ ತಂದರೆ ಹಣ ಕೊಡುವ ಮೊದಲು ಮುಖ್ಯ ಕಚೇರಿಗೆ ಫೋನ್ ಮಾಡಬೇಕೆಂದು ಕೌಂಟರಿನವರಿಗೆ ಸೂಚನೆ ಹೋಯಿತು.